ಎರಡು ನಂದಿ, ಒಂದು ಊರು

ಶಾಲೆಯ ಕ್ವಿಜ್ ಕ್ಲಬ್ಬುಗಳಲ್ಲಿ 'ಚಿತ್ರ ನೋಡಿ ಸ್ಥಳ ಹೇಳಿ' ಸುತ್ತಿಗೆ ಕಷ್ಟದ ಪ್ರಶ್ನೆ ಬೇಕಾದಾಗ ಎಲ್ಲರಿಗೂ ತಟ್ಟನೆ ಹೊಳೆಯುವುದು ಒಂದೇ ಉಪಾಯ: ಫೋಟೋ ಕತ್ತರಿಸುವುದು. ಹಳೇಬೀಡಿನ ದೇವಾಲಯದ ಗೋಡೆಯ ಬುಡದಲ್ಲಿ ಸಾಲಾಗಿ ನಡೆಯುವ ಆನೆಗಳಿವೆಯಲ್ಲ, ಅದರಲ್ಲಿ ಮೂರು ಆನೆಯಷ್ಟನ್ನು ಕತ್ತರಿಸಿ ಪರದೆಯ ಮೇಲೆ ಹಾಕಿ 'ಇದು ಎಲ್ಲಿ?' ಎಂದು ಕೇಳಿದರೆ ಪ್ರಶ್ನೆ ಕಷ್ಟದ್ದಾಯಿತು ಅನ್ನಿಸುತ್ತದೆ. ಆದರೆ ಬೇಲೂರಿನ ಗೋಡೆಯ ಬುಡದಲ್ಲೂ ಆನೆ ಸಾಲಿದೆ, ಸೋಮನಾಥಪುರದಲ್ಲೂ ಇದೆ. ಮೂರೂ ಹೊಯ್ಸಳರ ಕಾಲದವು, ಮೂರೂ ಬಳಪದ ಕಲ್ಲಿನವು. ಅಷ್ಟು ಚಿಕ್ಕ ತುಂಡನ್ನು ನೋಡಿ ಇದು ಇಂಥದ್ದೇ ಊರು ಎಂದು ಹೇಳುವುದು ಶಿಲ್ಪ ಓದಿದವರಿಗೂ ಸುಲಭವಲ್ಲ. ಸರಿ ಉತ್ತರ ಕೊಟ್ಟ ಹುಡುಗಿ ಊಹಿಸಿ ಗೆದ್ದಿರುತ್ತಾಳೆ, ಬೇಲೂರು ಎಂದ ಹುಡುಗ ಅಷ್ಟೇ ತಿಳಿವಳಿಕೆಯಿಂದ ಸೋತಿರುತ್ತಾನೆ. ಇದನ್ನು ಕಷ್ಟದ ಪ್ರಶ್ನೆ ಎನ್ನುವ ಬದಲು ಚೀಟಿ ಎತ್ತುವ ಆಟ ಎಂದರೆ ಸರಿ.

ನನ್ನ ವಾದ ಇಷ್ಟು. ಸ್ಥಳದ ಚಿತ್ರ ಸುಲಭವೋ ಕಷ್ಟವೋ ಎಂಬುದನ್ನು ಆ ಜಾಗ ಎಷ್ಟು ಅಪರೂಪದ್ದು, ಚಿತ್ರ ಎಷ್ಟು ಮಸುಕು ಎಂಬುದರ ಮೇಲೆ ತೀರ್ಮಾನಿಸಬಾರದು. ಚಿತ್ರದಿಂದ ಉತ್ತರಕ್ಕೆ ಹೋಗಲು ತಲೆಯಲ್ಲಿ ಎಷ್ಟು ಹೆಜ್ಜೆ ಇಡಬೇಕು ಎಂಬುದೇ ಅಳತೆಯಾಗಬೇಕು. ಒಂದೇ ಹೆಜ್ಜೆಯಾದರೆ ಸುಲಭ. ಎರಡು ಮೂರು ಹೆಜ್ಜೆ ಬೇಕಾದರೆ ಕಷ್ಟ. ದಾರಿಯೇ ಇಲ್ಲದಿದ್ದರೆ ಅದು ಪ್ರಶ್ನೆಯೇ ಅಲ್ಲ. ಅಪರೂಪದ ಜಾಗವನ್ನು ಕೇಳಿದರೆ ಗೆಲ್ಲುವುದು ಯಾರು ಎಂದು ಒಮ್ಮೆ ಯೋಚಿಸಿ. ರಜೆ ಬಂದಾಗಲೆಲ್ಲ ಕಾರಿನಲ್ಲಿ ಪ್ರವಾಸ ಹೋಗುವ ಮನೆಯ ಮಗು. ಬೇಸಿಗೆ ರಜೆಯೆಂದರೆ ಅಜ್ಜಿ ಮನೆ ಮಾತ್ರ ಎಂಬ ಮಗು ಅಲ್ಲಿ ಸೋಲುವುದಕ್ಕೆ ಅಪ್ಪನ ಜೇಬು ಕಾರಣ, ತಿಳಿವಳಿಕೆಯ ಕೊರತೆಯಲ್ಲ.

ಅದೇ ಹಳೇಬೀಡನ್ನೇ ಇಟ್ಟುಕೊಂಡು ಕಷ್ಟದ ಪ್ರಶ್ನೆಯನ್ನು ಸರಿಯಾಗಿ ಕಟ್ಟಬಹುದು. ಆನೆ ಸಾಲು ಬಿಡಿ. ಸ್ವಲ್ಪ ದೂರ ನಿಂತು ತೆಗೆದ ಫೋಟೋ ಹುಡುಕಿ: ನಕ್ಷತ್ರದಂತೆ ಮೂಲೆ ಮೂಲೆಯಾಗಿ ಮಡಿಸಿದ ಗೋಡೆಯೂ ಕಾಣಬೇಕು, ಅದರ ಎದುರಿಗಿನ ಎರಡು ನಂದಿ ಮಂಟಪಗಳೂ ಕಾಣಬೇಕು. ಒಂದೇ ಚಿತ್ರದಲ್ಲಿ ಹಿಡಿಸದಿದ್ದರೆ ಎರಡು ಚಿತ್ರ ಪಕ್ಕ ಪಕ್ಕ ಇಡಿ. ಈಗ ಎಂಟನೆಯ ತರಗತಿಯ ಮಗುವಿನ ತಲೆಯಲ್ಲಿ ಏನೇನು ಓಡಬಹುದು ನೋಡಿ. ಗೋಡೆಯ ಮೂಲೆಗಳಿಂದ, ದಟ್ಟ ಕೆತ್ತನೆಯಿಂದ ಹೊಯ್ಸಳ ಶೈಲಿ ಎಂದು ಗೊತ್ತಾಗುತ್ತದೆ. ಹೆಸರಾದ ಮೂರು ಊರು ನೆನಪಿಗೆ ಬರುತ್ತವೆ. ನಂದಿ ಇದೆಯೆಂದರೆ ಶಿವಾಲಯ. ಬೇಲೂರಿನಲ್ಲಿರುವವನು ಚೆನ್ನಕೇಶವ, ಸೋಮನಾಥಪುರದಲ್ಲಿರುವವನು ಕೇಶವ, ಇಬ್ಬರೂ ವಿಷ್ಣುವೇ, ಅವೆರಡೂ ಬಿದ್ದುಹೋದವು. ಇನ್ನೂ ಅನುಮಾನವಿದ್ದರೆ, ನಂದಿ ಎರಡಿದ್ದರೆ ಲಿಂಗವೂ ಎರಡು, ಅಂದರೆ ಜೋಡಿ ಗುಡಿ: ಹೊಯ್ಸಳೇಶ್ವರ ಮತ್ತು ಶಾಂತಲೇಶ್ವರ. ಮೇಲೆ ಶಿಖರವಿಲ್ಲ, ಆದ್ದರಿಂದ ಮೂರು ಶಿಖರ ಉಳಿಸಿಕೊಂಡಿರುವ ಸೋಮನಾಥಪುರ ಇನ್ನೊಮ್ಮೆ ದೂರವಾಯಿತು. ಹಳೇಬೀಡಿಗೆ ಕಾಲಿಡದ ಮಗುವೂ ಪಠ್ಯಪುಸ್ತಕದ ಬಲದಿಂದ ಇಲ್ಲಿಗೆ ಮುಟ್ಟಬಲ್ಲದು. ಹೋಗಿ ಬಂದ ಮಗು ಬೇಗ ಮುಟ್ಟುತ್ತದೆ, ನಿಜ. ಅಷ್ಟು ಲಾಭ ಅದಕ್ಕಿರಲಿ.

ಇದೇ ಚಿತ್ರಕ್ಕೆ ಮಧ್ಯಮ ಮತ್ತು ಸುಲಭದ ಸುಳಿವು ಸೇರಿಸುವಾಗ ಇನ್ನೊಂದು ತಪ್ಪು ನಡೆಯುತ್ತದೆ. '2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು' ಎಂಬ ಸುಳಿವು ಕೇಳಲು ತೂಕವಾಗಿದೆ. ಆದರೆ ಆ ವರ್ಷ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೆ. ಮೂರರ ನಡುವೆ ತಿಣುಕುತ್ತಿರುವ ಮಗುವನ್ನು ಈ ಸುಳಿವು ಅಲ್ಲೇ ನಿಲ್ಲಿಸುತ್ತದೆ. ಸುಳಿವು ಎಂದರೆ ಹೊಸ ಮಾಹಿತಿ ಎಂದಷ್ಟೇ ಅಲ್ಲ, ಉಳಿದ ಆಯ್ಕೆಗಳಲ್ಲಿ ಒಂದನ್ನಾದರೂ ಉದುರಿಸಬೇಕು. ಜೊತೆಗೆ ಪ್ರತಿ ಸುಳಿವೂ ಬೇರೆ ಬಾಗಿಲು ತಟ್ಟಿದರೆ ಒಳ್ಳೆಯದು. ಚಿತ್ರ ಶಿಲ್ಪದ ದಾರಿಯಾದರೆ, ಮಧ್ಯಮ ಸುಳಿವು ಇತಿಹಾಸದ್ದಾಗಲಿ: 'ಈ ಊರು ಒಂದು ರಾಜವಂಶದ ರಾಜಧಾನಿಯಾಗಿತ್ತು, 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಇಲ್ಲಿಗೆ ಬಂತು.' ಸುಲಭದ ಸುಳಿವು ದಿನಬಳಕೆಯ ಮಾತಿನಿಂದ ಬರಲಿ: 'ಹಾಸನ ಜಿಲ್ಲೆಯ ಈ ಊರನ್ನು ಜನ ಬೇಲೂರಿನ ಜೊತೆಗೇ ಒಂದೇ ಉಸಿರಿಗೆ ಹೇಳುತ್ತಾರೆ.' ಶಿಲ್ಪ ಗೊತ್ತಿಲ್ಲದ ಮಗುವಿಗೆ ಇತಿಹಾಸ ಗೊತ್ತಿರಬಹುದು. ಎರಡೂ ಗೊತ್ತಿಲ್ಲದ ಮಗು ಬಸ್ ಸ್ಟ್ಯಾಂಡಿನ ಬೋರ್ಡಾದರೂ ನೋಡಿರುತ್ತದೆ.

ಅಂಕಗಳು ಕಷ್ಟದಿಂದ ಸುಲಭಕ್ಕೆ ಇಳಿಯಲಿ. ಬರೀ ಚಿತ್ರ ನೋಡಿ ಹೇಳಿದರೆ 15, ಮಧ್ಯಮ ಸುಳಿವಿನ ನಂತರ 10, ಕೊನೆಯದರ ನಂತರ 5. ಪ್ರತಿ ತಂಡಕ್ಕೆ ಚಿತ್ರಕ್ಕೊಂದು ಚೀಟಿ. ಚೀಟಿಯನ್ನು ಯಾವ ಹಂತದಲ್ಲಿ ಬೇಕಾದರೂ ಕೊಡಬಹುದು, ಆದರೆ ಒಮ್ಮೆ ಮಾತ್ರ. ಮೊದಲ ಹಂತದಲ್ಲೇ ಕೊಟ್ಟು ತಪ್ಪಾದರೆ ಆ ಚಿತ್ರ ಮುಗಿಯಿತು. ಆ ನಷ್ಟವೇ ಸಾಕು, ಅದರ ಮೇಲೆ ಮೈನಸ್ ಅಂಕ ಕಳೆದು ಮಕ್ಕಳನ್ನು ಬೆದರಿಸಬೇಕಾಗಿಲ್ಲ. ಹಂತಕ್ಕೆ 30 ಸೆಕೆಂಡ್, ಉತ್ತರ ತೋರಿಸಿ ವಿವರಿಸಲು ಇನ್ನೊಂದು 30: ಚಿತ್ರಕ್ಕೆ ಎರಡು ನಿಮಿಷ, ಆರು ಚಿತ್ರಕ್ಕೆ ಹನ್ನೆರಡು. ಒಂದು ಪಿರಿಯಡ್ಡಿನಲ್ಲಿ ಉಳಿದ ಸುತ್ತುಗಳಿಗೂ ಜಾಗ ಸಿಗುತ್ತದೆ.

'ಇದ್ಯಾಕೆ ಇಷ್ಟು ರಗಳೆ? ತಂಡಕ್ಕೊಂದು ಚಿತ್ರ, ಗೊತ್ತಿಲ್ಲದಿದ್ದರೆ ಪಕ್ಕದವರಿಗೆ ಪಾಸ್, ಹಿಂದಿನಿಂದ ನಡೆದು ಬಂದದ್ದೇ ಹಾಗೆ' ಎನ್ನುವವರಿದ್ದಾರೆ. ಆ ಪದ್ಧತಿಯಲ್ಲಿ ನೋಡುವವರಿಗೆ ಮಜಾ ಹೆಚ್ಚು ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ಒಂದು ತಂಡಕ್ಕೆ ಗೋಲಗುಮ್ಮಟ ಬಂದರೆ ಮುಂದಿನ ತಂಡಕ್ಕೆ ಯಾವುದೋ ಹೆಸರಿಲ್ಲದ ಕೋಟೆಯ ಗೋಡೆ ಬರುತ್ತದೆ, ಎರಡಕ್ಕೂ ಅಂಕ ಒಂದೇ. ಜೊತೆಗೆ ದುರ್ಬಲ ತಂಡದ ಪಕ್ಕದ ಕುರ್ಚಿ ಯಾರಿಗೆ ಸಿಕ್ಕಿತೋ ಅವರಿಗೆ ಸುಮ್ಮನೆ ಪಾಸ್‌ಗಳ ಸುಗ್ಗಿ. ಯಾರು ಎಲ್ಲಿ ಕೂತರು ಎಂಬುದರಿಂದ ಬರುವ ಅಂಕವನ್ನು ತಪ್ಪಿಸಲು ಎಲ್ಲರಿಗೂ ಒಂದೇ ಚಿತ್ರ, ಎಲ್ಲರಿಗೂ ಚೀಟಿ ಎಂಬುದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ.

ಸುಲಭದ ಚಿತ್ರವನ್ನು ಆರಿಸುವುದೂ ಕಷ್ಟದ ಚಿತ್ರದಷ್ಟೇ ಎಚ್ಚರ ಬೇಡುತ್ತದೆ. ಜೋಗ ಎಲ್ಲರಿಗೂ ಗೊತ್ತು ಎಂದುಕೊಂಡು ಆಗಸ್ಟಿನ ಮಳೆಯಲ್ಲಿ ತೆಗೆದ ಫೋಟೋ ಹಾಕಿದರೆ ಬರೀ ಮಂಜು ಮತ್ತು ಬಿಳಿ ನೀರು ಕಾಣುತ್ತದೆ, ಅದು ಯಾವ ಜಲಪಾತವೂ ಆಗಬಹುದು. ಮಕ್ಕಳ ತಲೆಯಲ್ಲಿರುವ ಜೋಗವೆಂದರೆ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಬೇರೆ ಬೇರೆಯಾಗಿ ಬೀಳುವ ಚಿತ್ರ. ಬಿರು ಬೇಸಿಗೆಯಲ್ಲಿ, ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುವಾಗ, ಬಹುಪಾಲು ಬಂಡೆಯೇ ಕಾಣುವ ಫೋಟೋ ಹಾಕಿದರೆ ಅದೇ ಜೋಗ ಕಷ್ಟದ ಪ್ರಶ್ನೆಯಾಗುತ್ತದೆ. ನಾಲ್ಕು ತೆಳು ಗೆರೆ ಉಳಿದಿದ್ದರೆ ಸಾಕು, ದಾರಿ ಇದೆ. ಇನ್ನು ಎಲ್ಲರಿಗೂ ಸಮನಾಗಿ ಸಿಗುವ ಚಿತ್ರಭಂಡಾರ ಬೇಕೆಂದರೆ ರೂಪಾಯಿ ನೋಟಿಗಿಂತ ಬೇರೆ ಬೇಡ. 2017ರಿಂದ ಬಂದ ಐವತ್ತರ ನೋಟಿನ ಹಿಂಬದಿ ಹಂಪಿಯ ಕಲ್ಲಿನ ರಥವಿದೆ, ಹತ್ತರದರಲ್ಲಿ ಕೋಣಾರ್ಕ, ಇನ್ನೂರರದರಲ್ಲಿ ಸಾಂಚಿ, ನೂರರದರಲ್ಲಿ ಗುಜರಾತಿನ ಪಾಟಣದ ರಾಣಿ ಕಿ ವಾವ್. ಕಿರಾಣಿ ಅಂಗಡಿಗೆ ಹೋಗಿ ಚಿಲ್ಲರೆ ತರುವ ಮಗು ಇವನ್ನು ಪ್ರವಾಸ ಹೋಗುವ ಮಗುವಿಗಿಂತ ಹೆಚ್ಚೇ ನೋಡಿರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಚಿತ್ರದಲ್ಲೇ ಉತ್ತರಕ್ಕೆ ದಾರಿ ಇರಬೇಕು ಎಂದರೆ ಕಷ್ಟದ ಪ್ರಶ್ನೆಯೂ ಸುಲಭವಾಗುವುದಿಲ್ಲವೇ? ದಾರಿ ಇದೆಯೆಂದ ಮಾತ್ರಕ್ಕೆ ಎಲ್ಲರೂ ನಡೆಯುವುದಿಲ್ಲ, ಅದನ್ನು ಮೊದಲೇ ಪರೀಕ್ಷಿಸಿ ನೋಡಬಹುದು. ಸ್ಪರ್ಧೆಯಲ್ಲಿಲ್ಲದ ಹತ್ತು ಮಕ್ಕಳಿಗೆ, ಅದೇ ತರಗತಿಯವರಿಗೆ, ಚಿತ್ರಗಳನ್ನು ಬಿಡಿಬಿಡಿಯಾಗಿ ತೋರಿಸಿ. ಎಂಟು ಜನ ಹೇಳಿದರೆ ಸುಲಭ, ಐದರ ಆಸುಪಾಸಾದರೆ ಮಧ್ಯಮ, ಒಬ್ಬರೋ ಇಬ್ಬರೋ ಹೇಳಿದರೆ ಕಷ್ಟ. ಯಾರೂ ಹೇಳದಿದ್ದರೆ ತೆಗೆದುಹಾಕಿ, ಎಷ್ಟೇ ಇಷ್ಟದ ಚಿತ್ರವಾದರೂ ಸರಿ. ಹತ್ತು ಜನರ ಲೆಕ್ಕ ಒರಟು ಲೆಕ್ಕವೇ, ಒಂದೆರಡು ಅತ್ತಿತ್ತ ಆಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಷ್ಟದ ಚಿತ್ರಕ್ಕೆ ಸರಿ ಹೇಳಿದ ಮಗುವನ್ನು 'ಹೇಗೆ ಗೊತ್ತಾಯಿತು?' ಎಂದು ಕೇಳುವುದು. 'ನಂದಿ ಎರಡಿತ್ತಲ್ಲ ಸಾರ್' ಎಂದರೆ ಪ್ರಶ್ನೆ ಉಳಿಯಲಿ. 'ಹೋದ ವರ್ಷ ಟೂರ್ ಹೋಗಿದ್ವಿ' ಎಂಬ ಉತ್ತರವೇ ಎಲ್ಲರಿಂದ ಬಂದರೆ ಬೇರೆ ಚಿತ್ರ ಹುಡುಕಿ. ತಪ್ಪು ಹೇಳಿದವರೆಲ್ಲ ಒಂದೇ ತಪ್ಪು ಹೇಳಿದ್ದರೆ, ಉದಾಹರಣೆಗೆ ಎಲ್ಲರೂ ಬೇಲೂರು ಎಂದಿದ್ದರೆ, ಬೇಲೂರನ್ನು ಬೀಳಿಸಬೇಕಾದ ಗುರುತು ಚಿತ್ರದಲ್ಲಿ ಸರಿಯಾಗಿ ಕಾಣುತ್ತಿಲ್ಲ ಎಂದರ್ಥ. ನಂದಿ ಮಂಟಪದ ನೆರಳಿನಲ್ಲಿ ಕಪ್ಪಾಗಿ ಕರಗಿರಬಹುದು.

ನೆರಳಿನ ಮಾತು ಬಂದದ್ದರಿಂದ ಪ್ರೊಜೆಕ್ಟರಿನ ಬಗ್ಗೆಯೂ ಹೇಳಬೇಕು. ಕಂಪ್ಯೂಟರಿನಲ್ಲಿ ಸ್ಪಷ್ಟವಾಗಿದ್ದ ಚಿತ್ರ, ಪರದೆ ಎಳೆಯದ ಕಿಟಕಿಗಳ ತರಗತಿಯಲ್ಲಿ ಬೂದು ಮುದ್ದೆಯಾಗುತ್ತದೆ. ಕೊನೆಯ ಬೆಂಚಿನಲ್ಲಿ ಕೂತು ಆರೂ ಚಿತ್ರವನ್ನು ನೋಡಿ, ಕಾಣದಿದ್ದರೆ ಎ4 ಕಾಗದದಲ್ಲಿ ಮುದ್ರಿಸಿ ತಂಡಕ್ಕೊಂದು ಕೊಡಿ. ಚಿತ್ರದಲ್ಲಿ ಪುರಾತತ್ವ ಇಲಾಖೆಯ ನೀಲಿ ಫಲಕವೋ ಅಂಗಡಿಯ ಬೋರ್ಡೋ ಊರಿನ ಹೆಸರು ಹೇಳುತ್ತಿದೆಯೇ ಎಂದು ಹಿಗ್ಗಿಸಿ ನೋಡಿ. ಫೈಲಿನ ಹೆಸರು halebidu1.jpg ಎಂದಿದ್ದರೆ ಚಿತ್ರ ತೆರೆಯುವ ಮೊದಲೇ ಮೇಲ್ಗಡೆ ಉತ್ತರ ಬಂದುಬಿಡುತ್ತದೆ, 01.jpg ಎಂದು ಬದಲಿಸಿ.

ಕೊನೆಗೆ ಉತ್ತರಪಟ್ಟಿ. ಸುತ್ತು ಶುರುವಾಗುವ ಮೊದಲೇ ಯಾವ ಯಾವ ಉತ್ತರ ಒಪ್ಪುತ್ತೀರಿ ಎಂದು ಬರೆದಿಡಿ, ಜಗಳ ಹುಟ್ಟುವುದು ಬಹುಪಾಲು ಇಲ್ಲೇ. ಊರಿನ ಹೆಸರು ಸಾಕೋ, ಗುಡಿಯ ಹೆಸರೂ ಬೇಕೋ ಎಂಬುದನ್ನು ಪ್ರಶ್ನೆಯಲ್ಲೇ ಹೇಳಿ. ಬಿಜಾಪುರ ಎಂದವರಿಗೂ ವಿಜಯಪುರ ಎಂದವರಿಗೂ ಅಂಕ ಕೊಡಿ, ಹೆಸರು ಬದಲಾದದ್ದು 2014ರಲ್ಲಷ್ಟೇ, ಅಜ್ಜ ಅಜ್ಜಿಯರ ಬಾಯಲ್ಲಿ ಅದಿನ್ನೂ ಬಿಜಾಪುರವೇ. ಹಳೇಬೀಡಿನ ಎದುರಿಗೆ ಹಳೆಬೀಡು ಎಂದು ಬರೆದದ್ದನ್ನೂ ಸೇರಿಸಿ, ದೋರಸಮುದ್ರವನ್ನೂ ದ್ವಾರಸಮುದ್ರವನ್ನೂ ಸೇರಿಸಿ. ಮಲಿಕ್ ಕಾಫೂರನ ಸುಳಿವಿನಲ್ಲಿ ಊರಿನ ಹಳೆಯ ಹೆಸರನ್ನು ಬಿಟ್ಟದ್ದು ಅದಕ್ಕೇ: ಅದನ್ನೇ ಚೀಟಿಯಲ್ಲಿ ಇಳಿಸಿ ಹತ್ತು ಅಂಕ ಕೇಳುವ ಜಾಣ ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ.