ಬಾಗಿಲು ತೆರೆಯುವ ಮುನ್ನ ಕಾಣುವ ಅಂಗಡಿ

ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರ ಸಾಸ್ವೆಹಳ್ಳಿಯಲ್ಲಿ ಯಾರೋ ಹೊಸದಾಗಿ ಅಂಗಡಿ ಇಡುತ್ತಿದ್ದಾರೆ ಎಂದುಕೊಳ್ಳೋಣ. ಹತ್ತಡಿ ಅಗಲದ ಮಳಿಗೆ, ಒಂದೇ ಷಟ್ಟರ್, ಹೆಸರು ‘ಸಾಸ್ವೆಹಳ್ಳಿ ಸ್ಟೋರ್ಸ್’. ಬೋರ್ಡು ಮಾಡುವವರು ಕೆಲಸಕ್ಕೆ ಕೈಹಾಕುವ ಮೊದಲು ಮಾಲೀಕರ ಮೊಬೈಲಿಗೆ ಒಂದು ಚಿತ್ರ ಕಳಿಸುತ್ತಾರೆ: ಮುಸ್ಸಂಜೆಯ ಬೀದಿ, ಬೆಳಗುತ್ತಿರುವ ಅಂಗಡಿ, ಅಕ್ಷರ ಬರಬೇಕಾದ ಕಡೆ ಖಾಲಿ ಪಟ್ಟಿ. ಇನ್ನೂ ಇಲ್ಲದ ಅಂಗಡಿಯನ್ನು ತೋರಿಸುವ ಈ ಚಿತ್ರವನ್ನು ಹೆಚ್ಚಿನವರು ‘ಚೆನ್ನಾಗಿದೆ’ ಎಂದು ಒಪ್ಪಿ ಮುಂಗಡ ಕೊಟ್ಟುಬಿಡುತ್ತಾರೆ. ಅದನ್ನು ಓದಲು ಕಲಿತವರಿಗೆ ಅದರಲ್ಲಿ ಇನ್ನೂ ಬಹಳಷ್ಟು ಕಾಣುತ್ತದೆ.

ಮೊದಲು ಕಣ್ಣು ಹೋಗಬೇಕಾದದ್ದು ಅಂಗಡಿಯ ಕಡೆಗಲ್ಲ, ಅಕ್ಕಪಕ್ಕಕ್ಕೆ. ವಿದ್ಯುತ್ ತಂತಿ, ಚರಂಡಿಯ ಮೇಲಿನ ಕಲ್ಲುಚಪ್ಪಡಿ, ಪಕ್ಕದ ಮಳಿಗೆಯ ತಗಡಿನ ಶೀಟು ಇವೆಲ್ಲ ಚಿತ್ರದಲ್ಲಿ ಉಳಿದಿವೆಯೇ? ಅವನ್ನು ಅಳಿಸಿ ನುಣುಪು ಮಾಡಿದ ಚಿತ್ರ ಸುಂದರವಾಗಿರುತ್ತದೆ, ಆದರೆ ಪಕ್ಕದ ಶೀಟು ಬೋರ್ಡಿನ ಎಡತುದಿಯನ್ನು ಮರೆಮಾಡುತ್ತದೆಂಬ ಸುದ್ದಿಯನ್ನೂ ಅಳಿಸಿಬಿಟ್ಟಿರುತ್ತದೆ. ಒಳ್ಳೆಯ ಕಲಾವಿದರು ಅದೇ ಬೀದಿಯ ಫೋಟೊ ತೆಗೆದು ಅದರ ಮೇಲೆಯೇ ಕೆಲಸ ಮಾಡುತ್ತಾರೆ. ಅದೂ ಅಂಗಡಿಯ ಎದುರು ನಿಂತು ತೆಗೆದದ್ದಲ್ಲ. ರಸ್ತೆಗುಂಟ ಬರುವವರಿಗೆ ಬೋರ್ಡು ಓರೆಯಾಗಿಯೇ ಕಾಣುವುದರಿಂದ, ಅವರು ಬರುವ ದಿಕ್ಕಿನಿಂದ, ನಿಂತವರ ಕಣ್ಣಿನ ಎತ್ತರದಿಂದ ತೆಗೆದದ್ದು. ಬೋರ್ಡಿನ ಅಂಚು ಷಟ್ಟರಿನ ಗೆರೆಗಳ ಜೊತೆಗೇ ದೂರಕ್ಕೆ ಕಿರಿದಾಗುತ್ತಾ ಹೋಗಬೇಕು. ಹಾಗಿಲ್ಲದಿದ್ದರೆ ಅದು ಅಂಟಿಸಿದ ಚಿತ್ರ, ಅದರ ಅಳತೆಯನ್ನು ನಂಬುವಂತಿಲ್ಲ.

ಈ ಕಲೆಯ ನಿಜವಾದ ಪರೀಕ್ಷೆ ಆ ಖಾಲಿ ಪಟ್ಟಿಯಲ್ಲಿದೆ. ಕನ್ನಡ ಅಕ್ಷರ ಒಂದೇ ಸಾಲಿನೊಳಗೆ ಮುದುಡಿ ಕೂರುವುದಿಲ್ಲ. ‘ಸಾಸ್ವೆಹಳ್ಳಿ’ಯನ್ನೇ ನೋಡಿ: ‘ಸ್ವೆ’ಯಲ್ಲಿ ವಕಾರದ ಒತ್ತು ಕೆಳಗಿಳಿಯುತ್ತದೆ, ‘ಳ್ಳಿ’ಯಲ್ಲಿ ಒತ್ತು ಕೆಳಕ್ಕೆ, ಗುಡಿಸು ಮೇಲಕ್ಕೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆಂದು ಬಿಟ್ಟ ತೆಳು ಪಟ್ಟಿಯಲ್ಲಿ ಇದನ್ನು ತುರುಕಿದರೆ ಅಕ್ಷರದ ಮೈ ಅರ್ಧಕ್ಕೆ ಕುಗ್ಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ಬೋರ್ಡು 10 ಅಡಿ ಅಗಲ, 3 ಅಡಿ ಎತ್ತರ. ಹತ್ತಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬುದು ಬೋರ್ಡಿನವರ ರೂಢಿಯ ಲೆಕ್ಕ. ನೂರಡಿ ದೂರದಿಂದ ಸಲೀಸಾಗಿ ಓದಿಸಬೇಕೆಂದರೆ ಮೈಯೇ 10 ಇಂಚು ಬೇಕು. ಆದರೆ ಕನ್ನಡದ ಅಕ್ಷರಗಳು ಅಗಲ, ಆ ಅಳತೆಗೆ ಈ ಹೆಸರು ಹತ್ತಡಿಯನ್ನೂ ಬಹುಪಾಲು ತುಂಬಿಬಿಡುತ್ತದೆ, ಅಂಚಿಗೆ ಜಾಗ ಉಳಿಯದು. 8 ಇಂಚಿಗೆ ಇಳಿಸಿದರೆ ಎರಡೂ ಬದಿ ಉಸಿರಾಡಲು ಜಾಗ ಸಿಗುತ್ತದೆ. ಒತ್ತಿಗೆ ಕೆಳಗೆ ಸುಮಾರು 5 ಇಂಚು, ಗುಡಿಸಿಗೆ ಮೇಲೆ 3 ಇಂಚು ಸೇರಿಸಿ, ಸುತ್ತ ಬಿಡುವು ಕೊಟ್ಟರೆ ಕನ್ನಡಕ್ಕೆ ಸುಮಾರು 22 ಇಂಚಿನ ಪಟ್ಟಿ ಬೇಕಾಗುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ನಾಮಫಲಕದ ಶೇ 60 ಭಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ ಇರಬೇಕೆನ್ನುತ್ತದೆ. 36 ಇಂಚಿನಲ್ಲಿ ಶೇ 60 ಎಂದರೆ 21.6. ಕಾನೂನು ಕೇಳುವ ಜಾಗವೂ ಲಿಪಿ ಕೇಳುವ ಜಾಗವೂ ಇಲ್ಲಿ ಹೆಚ್ಚುಕಡಿಮೆ ಒಂದೇ!

ಪಟ್ಟಿಯನ್ನು ಖಾಲಿ ಬಿಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಹೆಸರು ಬೇರೆ ಕಂಪ್ಯೂಟರಿಗೆ ಹೋದಾಗ ಅರ್ಥವಿಲ್ಲದ ಚಿಹ್ನೆಗಳಾಗಬಹುದು. ಯೂನಿಕೋಡಿನಲ್ಲಿದ್ದರೂ ಚಿತ್ರದ ತಂತ್ರಾಂಶ ಭಾರತೀಯ ಲಿಪಿಗೆ ಹೊಂದಿಕೊಂಡಿರದಿದ್ದರೆ ಒತ್ತು ಕಳಚಿ ‘ಸ್‌ವೆ’ ಆಗುತ್ತದೆ. ಆದ್ದರಿಂದ ಹೆಸರನ್ನು ಬೇರೆಯಾಗಿ ಬರೆಸಿ, ರೇಖೆಗಳಾಗಿ ಪರಿವರ್ತಿಸಿ, ಕೊನೆಗೆ ಪಟ್ಟಿಯಲ್ಲಿ ಕೂರಿಸುವುದೇ ಕ್ಷೇಮ.

ಇನ್ನು ಬೆಳಕು. ಸೂರ್ಯ ಮುಳುಗಿದ ಮೇಲಿನ ಸುಮಾರು 20 ನಿಮಿಷ ಆಕಾಶವೂ ಬೋರ್ಡೂ ಸರಿಸುಮಾರು ಸಮಬೆಳಕಿನಲ್ಲಿರುತ್ತವೆ. ಚಿತ್ರಕಾರರು ಆರಿಸುವುದು ಆ ಗಳಿಗೆಯನ್ನೇ. ಬೆಳಕು ನಿಜವೋ ಬಣ್ಣವೋ ಎಂದು ತಿಳಿಯಲು ಅಂಗಳ ನೋಡಬೇಕು: ಬೋರ್ಡು ಬೆಳಗಿದರೆ ಷಟ್ಟರಿನ ಮೇಲಂಚು, ಮೆಟ್ಟಿಲು, ನಿಂತವರ ಹೆಗಲು ಅದೇ ಬಣ್ಣ ಹೀರಿರಬೇಕು. ಅಕ್ಷರದ ಸುತ್ತ ಪ್ರಭೆ ಅತಿಯಾದರೆ ಅದು ಕನ್ನಡಕ್ಕೆ ಕೇಡು. ‘ಪ’ಕ್ಕೂ ‘ಷ’ಕ್ಕೂ, ‘ಧ’ಕ್ಕೂ ‘ಥ’ಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಸಣ್ಣ ಗೆರೆ ಅಥವಾ ಚುಕ್ಕೆ, ಕತ್ತಲಲ್ಲಿ ಉರಿಯುವ ಅಕ್ಷರ ದಪ್ಪಗಾಗಿ ಕಂಡು ಅದನ್ನು ನುಂಗುತ್ತದೆ. ರಾತ್ರಿಯ ಬೋರ್ಡಿಗೆ ಗೆರೆ ತುಸು ತೆಳ್ಳಗಿರಬೇಕು. ಅಕ್ರಿಲಿಕ್ ಅಕ್ಷರದ ಆಳ ಕಡಿಮೆಯಾಗಿ ಒಳಗಿನ ಎಲ್‌ಇಡಿಗಳು ದೂರದೂರ ಕೂತರೆ ಮುಖದ ಮೇಲೆ ಬಿಳಿ ಚುಕ್ಕೆಗಳೇ ಎದ್ದು ಕಾಣುತ್ತವೆ. ಚಿತ್ರ ಅದನ್ನು ತೋರಿಸುವುದಿಲ್ಲ, ಆದ್ದರಿಂದ ಆಳವೆಷ್ಟು, ಅಂತರವೆಷ್ಟು ಎಂದು ಕೇಳಿಯೇ ತಿಳಿಯಬೇಕು.

ಸಂಜೆಯ ಚಿತ್ರ ಒಪ್ಪಿಗೆಯಾದ ಮೇಲೆ ಅದೇ ಕೋನದಿಂದ ನಡುಮಧ್ಯಾಹ್ನದ, ದೀಪ ಆರಿದ ಇನ್ನೊಂದು ಚಿತ್ರ ಕೇಳಬೇಕು. ತಿಳಿಬೂದು ಎಸಿಪಿ ಹಾಳೆಯ ಮೇಲೆ ಬಿಳಿ ಅಕ್ರಿಲಿಕ್ ಅಕ್ಷರ ರಾತ್ರಿ ರಾರಾಜಿಸಿ, ಬಿಸಿಲಿನಲ್ಲಿ ಕಾಣದಂತಾಗುವುದು ಆ ಎರಡನೆಯ ಚಿತ್ರದಲ್ಲೇ ಗೊತ್ತಾಗುತ್ತದೆ. ಹಾಳೆಯ ಬಣ್ಣ ಬದಲಿಸಲು ಆಗ ಇನ್ನೂ ಹೊತ್ತಿರುತ್ತದೆ.