ಲ–ಳ, ನ–ಣ: ‘ತಪ್ಪು–ಒಪ್ಪು’ ಪಟ್ಟಿಗಳನ್ನು ಕುರಿತು

ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರೆಲ್ಲರಿಗೂ ‘ಹಳ್ಳಿ’ಯು ‘ಹಲ್ಲಿ’ಯಾಗುವುದೂ ‘ಅಣ್ಣ’ನು ‘ಅನ್ನ’ವಾಗುವುದೂ ಪರಿಚಿತವಾದ ಸಂಗತಿಗಳು. ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಚಿಕಿತ್ಸೆ ಒಂದೇ. ವ್ಯಾಕರಣದ ಕೈಪಿಡಿಗಳ ಕೊನೆಯಲ್ಲಿ ಎರಡು ಸಾಲುಗಳ ಒಂದು ಪಟ್ಟಿಯಿರುತ್ತದೆ. ಎಡಗಡೆ ತಪ್ಪು ರೂಪ, ಬಲಗಡೆ ಒಪ್ಪು ರೂಪ. ಅದನ್ನು ಬಾಯಿಪಾಠ ಮಾಡಿಸಿ, ಉಕ್ತಲೇಖನ ಕೊಟ್ಟು, ತಪ್ಪಿದವರಿಂದ ಹತ್ತು ಸಲ ಬರೆಯಿಸುವುದು ವಾಡಿಕೆ. ಈ ಪಟ್ಟಿಗಳು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಅವುಗಳಲ್ಲಿರುವ ಪದಗಳು ತಪ್ಪೆಂದು ನಮ್ಮ ಆಕ್ಷೇಪಣೆಯಲ್ಲ. ಬೇರೆ ಬೇರೆ ಕಾರಣದಿಂದ ಹುಟ್ಟುವ ಮೂರು ಬಗೆಯ ಪದಗಳನ್ನು ಒಂದೇ ಚೀಲದಲ್ಲಿ ತುಂಬಿ, ಕಾರಣವನ್ನು ಮಾತ್ರ ಹೊರಗೆ ಬಿಟ್ಟಿರುವುದೇ ಅವುಗಳ ದೋಷ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಲ–ಳ, ನ–ಣ ಇವು ಬರೆಹದಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳಲ್ಲ. ಕಣ್ಣು ಇಲ್ಲಿ ಮೋಸಹೋಗುವುದಿಲ್ಲ. ಮೋಸಹೋಗುವುದು ಕಿವಿ. ಲಕಾರ ನಕಾರಗಳನ್ನು ನುಡಿಯುವಾಗ ನಾಲಗೆಯ ತುದಿ ಹಲ್ಲಿನ ಬುಡದ ಬಳಿಯಲ್ಲಿರುತ್ತದೆ. ಳಕಾರ ಣಕಾರಗಳಲ್ಲಿ ಅದು ಹಿಂದಕ್ಕೆ ಮಡಿಚಿ ಅಂಗಳನ್ನು ಮುಟ್ಟುತ್ತದೆ. ಕೆಲವು ಕಡೆಗಳ ಆಡುಮಾತಿನಲ್ಲಿ ಈ ಮಡಿಚುವ ಕ್ರಿಯೆ ನಿಂತುಹೋಗಿ, ಎರಡೂ ಲಕಾರ ನಕಾರಗಳಾಗಿಯೇ ಕೇಳುತ್ತವೆ. ಅಂಥ ಮನೆಮಾತಿನಿಂದ ಬಂದ ವಿದ್ಯಾರ್ಥಿಗೆ ಉಕ್ತಲೇಖನ ಕೊಟ್ಟು ಪ್ರಯೋಜನವೇನು? ಅಧ್ಯಾಪಕರ ಬಾಯಲ್ಲಿ ಭೇದವಿದ್ದರೂ ಅವನ ಕಿವಿ ಅದನ್ನು ಗಮನಿಸಲು ಕಲಿತಿಲ್ಲ. ಅವನಿಗೆ ಬೇಕಾದುದು ಕಿವಿಯ ಸಾಕ್ಷ್ಯವಲ್ಲದ ಬೇರೊಂದು ಸಾಕ್ಷ್ಯ.

ಅಂಥ ಸಾಕ್ಷ್ಯ ಭಾಷೆಯೊಳಗೇ ಇದೆ. ಮೂರ್ಧನ್ಯವರ್ಣವು ತಾನು ಕುಳಿತ ಸ್ಥಳದಲ್ಲಿ ಸುಮ್ಮನಿರುವುದಿಲ್ಲ. ತನ್ನ ಪಕ್ಕಕ್ಕೆ ಬಂದ ವರ್ಣವನ್ನೂ ತನ್ನಂತೆ ಮಾಡಿಕೊಳ್ಳುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ‘ಕೊಳ್ಳು’ ಧಾತುವನ್ನೇ ತೆಗೆದುಕೊಳ್ಳೋಣ. ‘ಅವನು ತನ್ನ ತಪ್ಪನ್ನು ಒಪ್ಪಿಕೊಲ್ಲಲಿಲ್ಲ’ ಎಂದು ಒಬ್ಬನು ಬರೆದನೆನ್ನಿ. ತಪ್ಪನ್ನು ಒಪ್ಪಿ ಯಾರನ್ನೋ ಕೊಲ್ಲದೆ ಬಿಟ್ಟನೆಂದು ಅರ್ಥ ಮಾಡಬೇಕಾದೀತು! ಈಗ ಆ ವಿದ್ಯಾರ್ಥಿಯನ್ನು ಅದೇ ಕ್ರಿಯೆಯ ಭೂತಕಾಲವನ್ನು ಹೇಳೆಂದು ಕೇಳಬೇಕು. ಅವನು ತಡವರಿಸದೆ ‘ಒಪ್ಪಿಕೊಂಡನು’ ಎನ್ನುತ್ತಾನೆ. ‘ಒಪ್ಪಿಕೊಂದನು’ ಎಂದು ಎಂದಿಗೂ ಹೇಳುವುದಿಲ್ಲ. ಲ–ಳ ಭೇದ ಅಳಿದ ಆಡುಮಾತಿನಲ್ಲಿಯೂ ಡ–ದ ಭೇದ ಅಳಿದಿರುವುದಿಲ್ಲವಷ್ಟೆ. ಭೂತಕಾಲದ ಪ್ರತ್ಯಯ ಮೂಲದಲ್ಲಿ ದಕಾರ. ಅದು ಡಕಾರವಾದುದು ಹಿಂದಿನ ಧಾತುವಿನಲ್ಲಿ ಳಕಾರವಿದ್ದುದರಿಂದ. ‘ಕೊಲ್ಲು’ ಧಾತುವಿನಲ್ಲಿ ಲಕಾರವಿರುವುದರಿಂದ ದಕಾರ ಹಾಗೆಯೇ ಉಳಿದು ‘ಕೊಂದನು’ ಎಂದಾಗುತ್ತದೆ. ಡಕಾರ ಕೇಳಿದರೆ ಳ, ದಕಾರ ಕೇಳಿದರೆ ಲ: ವಿದ್ಯಾರ್ಥಿಯ ನಾಲಗೆ ಮರೆತುದನ್ನು ಅವನದೇ ಭೂತಕಾಲ ನೆನಪಿಟ್ಟುಕೊಂಡಿದೆ.

ನ–ಣಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ‘ಉಣ್ಣು’, ‘ಕಾಣು’ ಎಂಬಲ್ಲಿ ಉಂಡನು, ಕಂಡನು. ‘ತಿನ್ನು’, ‘ಎನ್ನು’ ಎಂಬಲ್ಲಿ ತಿಂದನು, ಎಂದನು. ‘ಉಳ್ಳ’ ಎಂಬುದರಲ್ಲಿ ಯಾವ ಅಕ್ಷರವೆಂಬ ಸಂಶಯ ಬಂದರೆ ‘ಉಂಟು’ ಎಂಬ ರೂಪದ ಟಕಾರ ಉತ್ತರ ಕೊಡುತ್ತದೆ. ನಾಮಪದಗಳ ಸಮಾಸದಲ್ಲಿಯೂ ಇದನ್ನು ಕಾಣಬಹುದು. ‘ಕಣ್’ ಎಂಬುದರ ಮುಂದೆ ‘ನೀರು’ ಬಂದಾಗ ನೀರಿನ ನಕಾರವೂ ಣಕಾರವಾಗಿ ‘ಕಣ್ಣೀರು’ ಆಗುತ್ತದೆ. ‘ಎಣ್ಣೆ’ಯು ಎಳ್ಳಿನ ‘ನೆಯ್’, ‘ಬೆಣ್ಣೆ’ಯು ಬೆಳ್ಳಗಿನ ‘ನೆಯ್’. ಎರಡರಲ್ಲಿಯೂ ಹಿಂದಿನ ಳಕಾರ ಮುಂದಿನ ನಕಾರದೊಡನೆ ಕಲೆತು ಇಮ್ಮಡಿ ಣಕಾರವಾಗಿದೆ. ಎಳ್ಳು, ಬಿಳಿ ಎಂಬ ಪದಗಳಲ್ಲಿ ಳಕಾರವಿದೆಯೆಂಬುದಕ್ಕೆ ಅಡಿಗೆಯ ಮನೆಯೇ ಸಾಕ್ಷಿ.

ಈ ಪರೀಕ್ಷೆಗೆ ಮಿತಿಯೂ ಉಂಟು. ಅದನ್ನು ಮುಚ್ಚಿಟ್ಟರೆ ನಾವೂ ಪಟ್ಟಿಕಾರರಂತೆಯೇ ಆದೇವು. ‘ಬೀಳು’ ‘ಏಳು’ ಎಂಬ ಧಾತುಗಳಲ್ಲಿ ಳಕಾರವಿದ್ದರೂ ‘ಬಿಂಡನು’ ‘ಎಂಡನು’ ಎಂದಾಗದೆ ಬಿದ್ದನು, ಎದ್ದನು ಎಂದಾಗುತ್ತದೆ. ‘ಅಳು’ ಎಂಬುದು ‘ಅತ್ತನು’ ಎಂದಾಗುತ್ತದೆ. ನಿಯಮ ಮುರಿಯಿತೆ? ಇಲ್ಲ, ಇವು ಮೂಲದಲ್ಲಿ ಳಕಾರದ ಪದಗಳೇ ಅಲ್ಲ. ಹಳಗನ್ನಡದಲ್ಲಿ ಇವು ಬೀೞ್, ಏೞ್, ಅೞ್ ಎಂದಿದ್ದುವು. ಱಳವೆಂದು ಕರೆಯುವ ಆ ಅಕ್ಷರದ ಉಚ್ಚಾರಣೆಯೇ ಬೇರೆಯಾಗಿತ್ತು. ಅದರ ಮುಂದೆ ಬಂದ ದಕಾರ ತಕಾರಗಳು ಮೂರ್ಧನ್ಯವಾಗಲಿಲ್ಲ, ಪ್ರತಿಯಾಗಿ ಱಳವೇ ಅವುಗಳಲ್ಲಿ ಅಡಗಿ ಅವು ಇಮ್ಮಡಿಯಾದುವು. ‘ಏಳು’ ಎಂಬ ಸಂಖ್ಯೆಯ ಮುಂದೆ ‘ಪತ್ತು’ ಬಂದಾಗ ‘ಎಪ್ಪತ್ತು’ ಆಗುವುದಕ್ಕೂ ಕಾರಣ ಅದೇ. ಕೇಶಿರಾಜನು ಸು. 1260ರ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರವುಳ್ಳ ಪದಗಳನ್ನು ಬೇರೆಯಾಗಿ ಪಟ್ಟಿಮಾಡಿ ಕೊಟ್ಟಿದ್ದಾನೆ. ಪಟ್ಟಿಯ ಅಗತ್ಯ ಬಿದ್ದಿತೆಂದರೆ ಅವನ ಕಾಲಕ್ಕೇ ಬರೆಯುವವರಲ್ಲಿ ಗೊಂದಲವಿತ್ತೆಂದು ಊಹಿಸಬೇಕಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮೊದಲಿಗರೇನೂ ಅಲ್ಲ.

ಆದ್ದರಿಂದ ಪರೀಕ್ಷೆಯನ್ನು ಹೀಗೆ ಹೇಳುವುದು ಸುರಕ್ಷಿತ. ಭೂತಕಾಲದಲ್ಲಿ ‘ಂಡ’ ಬಂದರೆ ಅಂಥ ಧಾತುವಿನಲ್ಲಿ ಳ ಅಥವಾ ಣ ನಿಶ್ಚಯ. ‘ಂದ’ ಬಂದರೆ ಲ ಅಥವಾ ನ. ‘ದ್ದ’ ಬಂದರೆ ಏನನ್ನೂ ಹೇಳಲಾಗದು, ಏಕೆಂದರೆ ಲಕಾರದ ‘ಗೆಲ್ಲು’ ಕೂಡ ‘ಗೆದ್ದನು’ ಎಂದೇ ಆಗುತ್ತದೆ. ‘ಕೇಳಿದನು’ ‘ಹೇಳಿದನು’ಗಳಂತೆ ನಡುವೆ ಇಕಾರ ಬಂದಲ್ಲಿಯೂ ಪರೀಕ್ಷೆ ಮೌನವಾಗುತ್ತದೆ. ಹುಲಿ–ಹುಳಿ, ಬೆಲೆ–ಬೆಳೆ, ಬಲೆ–ಬಳೆಗಳಂಥ ಜೋಡಿಗಳನ್ನು ಅರ್ಥದೊಡನೆ ಕಲಿಯುವುದಲ್ಲದೆ ಅನ್ಯ ಮಾರ್ಗವಿಲ್ಲ. ತಮಿಳು ಬಲ್ಲ ವಿದ್ಯಾರ್ಥಿಗೆ ಮಾತ್ರ ಒಂದು ಅನುಕೂಲವಿದೆ: ಅಲ್ಲಿಯೂ ಪುಲಿ–ಪುಳಿ, ವಿಲೈ–ವಿಳೈ ಎಂದು ಇದೇ ಭೇದ ನಿಂತಿದೆ. ಪಟ್ಟಿಗೆ ನ್ಯಾಯವಾದ ಸ್ಥಾನವಿದ್ದರೆ ಅದು ಈ ಗುಂಪಿನಲ್ಲಿ ಮಾತ್ರ.

ಇನ್ನು ಸಂಸ್ಕೃತಪದಗಳ ಣಕಾರ. ಅಚ್ಚಗನ್ನಡ ಪದಗಳಲ್ಲಿ ಮೂರ್ಧನ್ಯದ ಪ್ರಭಾವ ಮುಂದಿನ ಪಕ್ಕದ ವರ್ಣಕ್ಕಷ್ಟೇ ತಾಗುತ್ತದೆ. ಸಂಸ್ಕೃತದಲ್ಲಿ ಅದು ದೂರಕ್ಕೂ ಹಾಯುತ್ತದೆ. ಪಾಣಿನಿಯ ಅಷ್ಟಾಧ್ಯಾಯಿಯ ಕೊನೆಯ ಪಾದದ ಆರಂಭದಲ್ಲಿಯೇ ಇದರ ವಿಧಿ ಇದೆ. ಒಂದೇ ಪದದಲ್ಲಿ ಮೊದಲು ಋ, ರ, ಷಗಳಲ್ಲಿ ಒಂದಿದ್ದು ಆಮೇಲೆ ನಕಾರ ಬಂದರೆ ಅದು ಣಕಾರವಾಗುತ್ತದೆ. ನಡುವೆ ಸ್ವರಗಳಾಗಲಿ, ಕವರ್ಗ ಪವರ್ಗಗಳಾಗಲಿ, ಯ ವ ಹಗಳಾಗಲಿ ಇದ್ದರೆ ಅಡ್ಡಿಯಿಲ್ಲ. ಚವರ್ಗ, ಟವರ್ಗ, ತವರ್ಗ, ಲ, ಶ, ಸಗಳಲ್ಲಿ ಯಾವುದಾದರೂ ನಡುವೆ ಬಂದರೆ ಪ್ರಭಾವ ಅಲ್ಲಿಗೇ ತಡೆಯುತ್ತದೆ. ಇದರ ಕಾರಣವನ್ನು ಬಾಯಲ್ಲಿಯೇ ಕಾಣಬಹುದು. ಕವರ್ಗ ಪವರ್ಗಗಳನ್ನು ನುಡಿಯಲು ನಾಲಗೆಯ ತುದಿ ಬೇಕಾಗಿಲ್ಲ, ಆದುದರಿಂದ ಅದು ಮಡಿಚಿದ ಸ್ಥಿತಿಯಲ್ಲಿಯೇ ಕಾದಿರಬಲ್ಲದು. ತಡೆಯುವ ವರ್ಣಗಳಿಗಾದರೋ ನಾಲಗೆಯ ಮುಂಭಾಗವೇ ಎದ್ದು ಬರಬೇಕು. ಆಗ ಮಡಿಕೆ ಬಿಚ್ಚಿಹೋಗುತ್ತದೆ.

ಪತ್ರಿಕೆಗಳೂ ಒಮ್ಮೊಮ್ಮೆ ಎಡವುವ ಒಂದು ಜೋಡಿಯ ಮೇಲೆ ಇದನ್ನು ಪರೀಕ್ಷಿಸೋಣ. ‘ಉತ್ತರಾಯಣ’ವೆಂದು ಬರೆದವರು ಅದೇ ಮೇಲ್ಪಂಕ್ತಿಯಿಂದ ‘ದಕ್ಷಿಣಾಯಣ’ವೆಂದೂ ಬರೆಯುತ್ತಾರೆ. ಎರಡರಲ್ಲಿಯೂ ಇರುವುದು ‘ಅಯನ’ವೇ. ಹೆಸರಾಗಿ ರೂಢವಾದ ಸಮಾಸವನ್ನು ಈ ವಿಧಿ ಒಂದೇ ಪದವೆಂದು ಎಣಿಸುತ್ತದೆ. ‘ಉತ್ತರ’ದ ರಕಾರದಿಂದ ಹೊರಟ ಪ್ರಭಾವಕ್ಕೆ ನಡುವೆ ಸ್ವರಗಳೂ ಯಕಾರವೂ ಮಾತ್ರ ಎದುರಾಗುತ್ತವೆ, ಆದ್ದರಿಂದ ‘ಉತ್ತರಾಯಣ’. ‘ದಕ್ಷಿಣ’ದ ಷಕಾರದಿಂದ ಹೊರಟ ಪ್ರಭಾವವಾದರೋ ತನ್ನ ಪಕ್ಕದ ನಕಾರವನ್ನು ಣಕಾರ ಮಾಡುವುದರಲ್ಲಿಯೇ ಮುಗಿಯುತ್ತದೆ, ಆ ಣಕಾರವೇ ಟವರ್ಗದ ವರ್ಣವಾಗಿ ಮುಂದಿನ ದಾರಿಯನ್ನು ಕಟ್ಟುತ್ತದೆ, ಆದ್ದರಿಂದ ‘ದಕ್ಷಿಣಾಯನ’. ‘ರಾಮಾಯಣ’ದಲ್ಲಿ ಮಕಾರ ಯಕಾರಗಳು ಅಡ್ಡಿಯಾಗಲಿಲ್ಲ, ‘ರಸಾಯನ’ದಲ್ಲಿ ಸಕಾರ ಅಡ್ಡಿಯಾಯಿತು. ‘ಪ್ರಮಾಣ’ ‘ಪರಿಮಾಣ’ಗಳಿಗೆ ಣಕಾರ, ರೇಫವಿಲ್ಲದ ‘ಅನುಮಾನ’ ‘ಉಪಮಾನ’ಗಳಿಗೆ ನಕಾರ. ‘ಪ್ರಾರ್ಥನೆ’ ‘ದರ್ಶನ’ ‘ರಚನೆ’ಗಳಲ್ಲಿ ರೇಫವಿದ್ದೂ ನಕಾರವೇಕೆಂಬುದನ್ನು ಓದುಗರೇ ಬಿಡಿಸಬಲ್ಲರು. ‘ವರ್ಣನೆ’ಯೊಂದರಲ್ಲಿಯೇ ಎರಡು ಅಕ್ಷರಗಳೂ ಇವೆ, ಅದನ್ನು ‘ವರ್ಣಣೆ’ ಎಂದು ಬರೆಯುವವನು ಅಜಾಗರೂಕನಲ್ಲ, ಅತಿ ಜಾಗರೂಕ.

ಗುಣ, ಗಣ, ವೀಣೆ, ವಾಣಿ, ಪುಣ್ಯ, ಕಲ್ಯಾಣ ಇತ್ಯಾದಿಗಳಲ್ಲಿ ಹಿಂದೆ ಯಾವ ನಿಮಿತ್ತವೂ ಕಾಣದೆ ಣಕಾರವಿದೆ. ಇಂಥವನ್ನು ನೆನಪಿನಲ್ಲಿಡಬೇಕಾದುದೇ. ‘ಹರಿನಾಮ’ ‘ತ್ರಿನೇತ್ರ’ಗಳಲ್ಲಿ ಎರಡು ಪದಗಳು ತಮ್ಮ ಪ್ರತ್ಯೇಕತೆಯನ್ನು ಉಳಿಸಿಕೊಂಡಿರುವುದರಿಂದ ವಿಧಿ ತಾಗುವುದಿಲ್ಲ. ಕನ್ನಡದ ಪ್ರತ್ಯಯಗಳಿಗಂತೂ ಇದು ಸಂಬಂಧಿಸಿದ್ದೇ ಅಲ್ಲ. ‘ಊರಿನ’ ‘ಗುರುವಿನ’ ಎಂಬ ನಕಾರಗಳು ರೇಫದ ನೆರೆಯಲ್ಲಿದ್ದೂ ನಿಶ್ಚಿಂತವಾಗಿವೆ.

ಕೊನೆಯದು ಸಂಸ್ಕೃತಪದಗಳ ಳಕಾರ. ಪಟ್ಟಿಗಳು ಹೆಚ್ಚು ಅನ್ಯಾಯ ಮಾಡಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಪಾಣಿನೀಯ ಸಂಸ್ಕೃತದ ವರ್ಣಮಾಲೆಯಲ್ಲಿ ಳಕಾರಕ್ಕೆ ಸ್ಥಾನವಿಲ್ಲ. ಮಂಗಲ, ಸರಲ, ಧವಲ, ಪ್ರಲಯ, ಕಾಲಿದಾಸ ಎಂದೇ ಅಲ್ಲಿಯ ರೂಪಗಳು. ಕನ್ನಡದ ಕವಿಗಳು ಇಂಥ ಅನೇಕ ಪದಗಳನ್ನು ಳಕಾರದಿಂದಲೇ ಪ್ರಯೋಗಿಸಿದರು. ಈ ಳಕಾರವನ್ನು ಕೇಶಿರಾಜನು ‘ಕ್ಷಳ’ವೆಂದೂ, ಕನ್ನಡದ ಸಹಜ ಳಕಾರವನ್ನು ‘ಕುಳ’ವೆಂದೂ ಹೆಸರಿಟ್ಟು ಬೇರ್ಪಡಿಸಿದನು. ಹೀಗಿರಲು ‘ಮಂಗಲ’ವೆಂದು ಬರೆದವನ ಅಂಕವನ್ನು ಕಳೆಯುವುದು ಯಾವ ನ್ಯಾಯ? ಅವನು ಮೂಲರೂಪವನ್ನು ಬರೆದಿದ್ದಾನೆ. ‘ಮಂಗಳ’ವೆಂದು ಬರೆದವನು ಕನ್ನಡದ ರೂಢಿಯನ್ನು ಹಿಡಿದಿದ್ದಾನೆ. ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರಸಿದರೆ ಅಸಡ್ಡೆಯೆಂದು ಆಕ್ಷೇಪಿಸಬಹುದು, ತಪ್ಪೆಂದಲ್ಲ. ‘ಸರಳ’ ‘ವಿರಳ’ಗಳಂತೆ ಳಕಾರವೇ ನೆಲೆಯೂರಿರುವ ಪದಗಳಲ್ಲಿ ರೂಢಿಯನ್ನೇ ಅನುಸರಿಸುವುದು ಲೇಸು. ಬಲ, ಜಲ, ಫಲ, ಮೂಲಗಳನ್ನು ಇಂದಿನ ಗದ್ಯದಲ್ಲಿ ಯಾರೂ ಳಕಾರದಿಂದ ಬರೆಯುವುದಿಲ್ಲ. ‘ಮಂಡಲ’ ‘ಮಂಡಳಿ’ಗಳಾದರೋ ಈಗ ಬೇರೆ ಬೇರೆ ಅರ್ಥಗಳಿಗೆ ಹಂಚಿಹೋಗಿವೆ: ಮೊದಲನೆಯದು ಪ್ರದೇಶ ಅಥವಾ ವೃತ್ತ, ಎರಡನೆಯದು ಸದಸ್ಯರ ಕೂಟ.

ಇನ್ನು ಮುಂದೆ ಇಂಥ ಪಟ್ಟಿಗಳನ್ನು ಸಿದ್ಧಪಡಿಸುವವರು ‘ಹಲ್ಲಿ–ಹಳ್ಳಿ’, ‘ದಕ್ಷಿಣಾಯಣ–ದಕ್ಷಿಣಾಯನ’, ‘ಮಂಗಲ–ಮಂಗಳ’ಗಳನ್ನು ಒಂದರ ಕೆಳಗೊಂದು ಮುದ್ರಿಸದೆ ಮೂರು ಕಡೆಗೆ ಇಡಬೇಕು, ಮೊದಲನೆಯ ಕಡೆಯಲ್ಲಿ ಅರ್ಥವನ್ನೂ ಎರಡನೆಯ ಕಡೆಯಲ್ಲಿ ವಿಧಿಯನ್ನೂ ಕೊಡಬೇಕು. ಮೂರನೆಯದಕ್ಕೆ ‘ತಪ್ಪು’ ಎಂಬ ತಲೆಬರೆಹವೇ ಬೇಡ.