ಹೆಸರು ಒಬ್ಬರದು, ಹಣ ಇನ್ನೊಬ್ಬರಿಗೆ

2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಯಾರೋ ರಾತ್ರೋರಾತ್ರಿ ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್‌ಗಳ ಮೇಲೆ ತಮ್ಮ ಕೋಡ್ ಅಂಟಿಸಿ ಹೋದರು. ಔಷಧಿ ಅಂಗಡಿಗೆ, ಪೆಟ್ರೋಲ್ ಬಂಕಿಗೆ ಬರಬೇಕಾದ ದುಡ್ಡು ಬೇರೆ ಖಾತೆಗೆ ಹೋಗತೊಡಗಿತು. ಔಷಧಿ ಅಂಗಡಿಯಲ್ಲಿ ಈ ಕಳವು ಗೊತ್ತಾದದ್ದು ಯಾವ ಬ್ಯಾಂಕಿನ ಎಚ್ಚರಿಕೆಯಿಂದಲೂ ಅಲ್ಲ. ಸ್ಕ್ಯಾನ್ ಮಾಡಿದರೆ ಬೇರೆ ಹೆಸರು ಬರುತ್ತಿದೆ ಎಂದು ಗಿರಾಕಿಗಳೇ ಮಾಲೀಕರಿಗೆ ತಿಳಿಸಿದಾಗ.

ಯುಪಿಐ ಪಾವತಿಯಲ್ಲಿ ಹಣ ಕೊಡುವವನ ಕೈಗೆ ಸಿಕ್ಕಿರುವ ತಪಾಸಣೆ ಅದೊಂದೇ: ಪಿನ್ ಒತ್ತುವ ಮೊದಲು ಒಂದೆರಡು ಕ್ಷಣ ಪರದೆಯ ಮೇಲೆ ಕಾಣುವ ಹೆಸರು. ಈ ತಪಾಸಣೆ ಎಷ್ಟು ಗಟ್ಟಿ, ಅದು ತಪ್ಪಿದರೆ ಹಣ ವಾಪಸ್ ಬರುವ ದಾರಿಗಳು ಎಷ್ಟು ನಿಜ ಎಂದು ನೋಡಿದರೆ, ಮೊದಲನೆಯದು ಈಚೆಗೆ ಸುಧಾರಿಸಿದೆ, ಎರಡನೆಯದು ಹೇಳಿಕೊಳ್ಳುವಷ್ಟು ಚೆನ್ನಾಗಿಲ್ಲ.

ಮೊದಲು ಹೆಸರಿನ ವಿಚಾರ. ಅಂಗಡಿಯ ಗಲ್ಲಾದ ಮೇಲಿರುವ ಕಪ್ಪು-ಬಿಳುಪು ಚೌಕದೊಳಗೆ ಇರುವುದು ಇಂಥದೊಂದು ಸಾಲು ಮಾತ್ರ:

```
upi://pay?pa=angadi123@bank&pn=Angadi%20Stores&cu=INR
```

`pa` ಎಂಬುದು ಹಣ ಹೋಗುವ ವಿಳಾಸ, `pn` ಎಂಬುದು ಹೆಸರು. ವಿಳಾಸ ಸುಳ್ಳಾದರೆ ಹಣ ಹೋಗುವುದೇ ಇಲ್ಲ. ಹೆಸರು ಹಾಗಲ್ಲ, ಕೋಡ್ ತಯಾರಿಸಿದವನು ಏನು ಬರೆದನೋ ಅದು. ತನ್ನ ವಿಳಾಸದ ಪಕ್ಕದಲ್ಲಿ ನಿಮ್ಮ ಊರಿನ ಹೆಸರಾಂತ ಬೇಕರಿಯ ಹೆಸರು ಬರೆದು ಅಚ್ಚು ಹಾಕಿಸಲು ಯಾರ ಅಪ್ಪಣೆಯೂ ಬೇಡ. ಆ್ಯಪ್ ಕೋಡಿನೊಳಗಿನ ಹೆಸರನ್ನೇ ತೋರಿಸಿಬಿಟ್ಟರೆ ಕಳ್ಳನೇ ತನ್ನ ಗುರುತಿನ ಚೀಟಿ ಬರೆದುಕೊಂಡಂತೆ. ಈ ಸಂದು ಮುಚ್ಚಲು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್, ಅಂದರೆ ಎನ್‌ಪಿಸಿಐ, 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಜೂನ್ 30ರೊಳಗೆ ಎಲ್ಲ ಆ್ಯಪ್‌ಗಳೂ ಬದಲಾಗಬೇಕೆಂದಿತು. ವ್ಯಕ್ತಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ಹಣ ಕಳಿಸುವಾಗ, ಪಿನ್ ಕೇಳುವ ಮುಂಚಿನ ಪುಟದಲ್ಲಿ ಬ್ಯಾಂಕು ಕೊಟ್ಟ ಹೆಸರು ಮಾತ್ರ ಕಾಣಬೇಕು. ಕೋಡಿನೊಳಗಿನ ಹೆಸರಾಗಲಿ, ನಿಮ್ಮ ಫೋನಿನಲ್ಲಿ ನೀವು ಉಳಿಸಿಕೊಂಡ ಹೆಸರಾಗಲಿ ಅಲ್ಲಿ ಬರುವಂತಿಲ್ಲ.

ಒಳ್ಳೆಯ ನಿಯಮ. ಆದರೆ ಅದು ಹೇಳುವುದು ಖಾತೆ ಯಾರದ್ದು ಎಂದಷ್ಟೇ. ಆ ಖಾತೆಗೂ ಎದುರಿಗಿರುವ ಅಂಗಡಿಗೂ ಏನು ಸಂಬಂಧ ಎಂದು ಅದು ಹೇಳಲಾರದು. ನಮ್ಮ ಅಂಗಡಿಗಳ ರೀತಿಯೇ ಬೇರೆ. ಫಲಕದ ಮೇಲೆ ಮನೆದೇವರ ಹೆಸರು, ಪರದೆಯ ಮೇಲೆ ಮಾಲೀಕನ ಹೆಸರು. ಕೆಲವು ಕಡೆ ಹೆಂಡತಿಯದ್ದು, ಕೆಲವು ಕಡೆ ಮಗನದ್ದು, ಇನ್ನು ಕೆಲವು ಕಡೆ ಎರಡು ವರ್ಷದ ಹಿಂದೆ ಅಂಗಡಿ ಬಿಟ್ಟುಹೋದ ಪಾಲುದಾರನದ್ದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಂದದ್ದು ನೆನಪಿರಬಹುದು. ತೆರಿಗೆಯ ಅಂಜಿಕೆಯಿಂದ ಮನೆಯವರ ಕೋಡುಗಳನ್ನು ಸರದಿಯಲ್ಲಿ ಇಡುವ ಅಭ್ಯಾಸಕ್ಕೂ ಇಂಥ ಸಂದರ್ಭಗಳೇ ಇಂಬು. ಇವೆಲ್ಲ ಸೇರಿ ಗಿರಾಕಿಗೆ ಒಂದು ಪಾಠ ಕಲಿಸಿವೆ: ಬೇರೆ ಹೆಸರು ಬಂದರೆ ‘ಹೌದು, ಅದೇ ಹಾಕಿ’ ಎನ್ನುತ್ತಾರೆ, ಹಾಕಬೇಕು. ಖಜುರಾಹೊದಲ್ಲಿ ಗಿರಾಕಿ ಕೇಳಿದ್ದರಿಂದ ಕಳವು ಬಯಲಾಯಿತು. ದಿನಕ್ಕೆ ನಾಲ್ಕು ಕಡೆ ಬೇರೆ ಹೆಸರು ನೋಡಿ ಅಭ್ಯಾಸವಾದವನು ಕೇಳುವುದೇ ಇಲ್ಲ.

ಒಂದು ಕಲ್ಪಿತ ಪ್ರಸಂಗ ತೆಗೆದುಕೊಳ್ಳೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿ, ಪೈಪು ಕೊಂಡು 2,340 ರೂಪಾಯಿ ಸ್ಕ್ಯಾನ್ ಮಾಡಿದಿರಿ. ಪರದೆಯಲ್ಲಿ ಯಾವುದೋ ಎಂಟರ್‌ಪ್ರೈಸಸ್ ಎಂಬ ಹೆಸರು. ಪಿನ್ ಒತ್ತಿದಿರಿ, ಹಸಿರು ಟಿಕ್ ಬಂತು. ಅಂಗಡಿಯವರ ಸೌಂಡ್‌ಬಾಕ್ಸ್ ಮಾತ್ರ ಸದ್ದೇ ಮಾಡಲಿಲ್ಲ. ‘ದುಡ್ಡು ಬಂದಿಲ್ಲ ಸಾರ್’ ಎಂದರು ಅವರು.

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದದ್ದು, ಹಣ ಬರುವುದು ತಡವಾಗಿದೆಯೋ, ಬೇರೆಡೆಗೆ ಹೋಗಿದೆಯೋ ಎಂಬುದನ್ನು. ನೆಟ್‌ವರ್ಕ್ ಇಲ್ಲದಿದ್ದರೂ ಸೌಂಡ್‌ಬಾಕ್ಸ್ ಸುಮ್ಮನಿರುತ್ತದೆ, ಆದ್ದರಿಂದ ಅದರ ಮೌನವೊಂದೇ ಸಾಕ್ಷಿಯಲ್ಲ. ನಿಮ್ಮ ಆ್ಯಪ್‌ನಲ್ಲಿ ಆ ವಹಿವಾಟನ್ನು ತೆರೆದರೆ ಹಣ ಪಡೆದವರ ಯುಪಿಐ ವಿಳಾಸವೂ, ಯುಟಿಆರ್ ಎಂಬ 12 ಅಂಕಿಯ ಸಂಖ್ಯೆಯೂ ಸಿಗುತ್ತವೆ. ಅಂಗಡಿಯವರ ಫೋನಿನಲ್ಲಿ ಅವರ ವಿಳಾಸ ನೋಡಿ. ಎರಡೂ ಒಂದೇ ಆಗಿದ್ದರೆ ತೊಂದರೆ ಬ್ಯಾಂಕಿನದ್ದು. ಬೇರೆಯಾಗಿದ್ದರೆ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ, ಕೆಳಗೆ ಇನ್ನೊಂದು ಕೋಡ್ ಇದೆಯೇ ಎಂದು. ಕಿತ್ತು ಬಿಸಾಡಬೇಡಿ, ಫೋಟೊ ತೆಗೆಯಿರಿ, ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಇಟ್ಟುಕೊಳ್ಳಲು ಹೇಳಿ.

ತೊಂದರೆ ಬ್ಯಾಂಕಿನದ್ದಾದರೆ ನಿಯಮ ನಿಮ್ಮ ಕಡೆಗಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ನಿಮ್ಮ ಖಾತೆಯಿಂದ ಕಡಿತವಾಗಿ ಅಂಗಡಿಗೆ ದೃಢೀಕರಣ ತಲುಪದಿದ್ದರೆ ಐದು ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೆಯೇ. ಆ್ಯಪ್‌ನ ಸಹಾಯ ವಿಭಾಗದಲ್ಲಿ ದೂರು ಹಾಕಿ ಕಾಯಬಹುದು.

ಆದರೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಪ್ರಸಂಗ ಇದಲ್ಲ. ಅಲ್ಲಿ ವಹಿವಾಟು ಯಶಸ್ವಿಯಾಗಿದೆ, ತಪ್ಪು ಜಾಗಕ್ಕೆ. ವ್ಯವಸ್ಥೆಯ ಕಣ್ಣಿನಲ್ಲಿ ಏನೂ ಕೆಟ್ಟಿಲ್ಲ. ನೀವೇ ಸ್ಕ್ಯಾನ್ ಮಾಡಿದಿರಿ, ನೀವೇ ಪಿನ್ ಕೊಟ್ಟಿರಿ. ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಹೊರಬೇಕಿಲ್ಲ ಎನ್ನುವ ರಿಸರ್ವ್ ಬ್ಯಾಂಕಿನ 2017ರ ಹೆಸರುವಾಸಿ ನಿಯಮವೂ ನಿಮಗೆ ಗೊತ್ತಿಲ್ಲದೆ ನಡೆದ ವಹಿವಾಟಿಗೆ ಮಾತ್ರ. ಬ್ಯಾಂಕಿನ ಕೌಂಟರಿನಲ್ಲಿ ‘ಪಿನ್ ನೀವೇ ಒತ್ತಿದ್ದೀರಲ್ಲ’ ಎಂದು ಕೈ ಎತ್ತುವವರು ಸುಳ್ಳು ಹೇಳುತ್ತಿಲ್ಲ, ಆದರೆ ಪೂರ್ತಿಯನ್ನೂ ಹೇಳುತ್ತಿಲ್ಲ. ಎನ್‌ಪಿಸಿಐ ಜಾಲತಾಣದ ದೂರು ಪುಟದಲ್ಲಿ ‘ತಪ್ಪಾಗಿ ಬೇರೆ ಖಾತೆಗೆ ವರ್ಗಾವಣೆ’ ಎಂಬ ಪ್ರತ್ಯೇಕ ಬಗೆಯೇ ಇದೆ. ಆ್ಯಪ್‌ನಲ್ಲೂ ಬ್ಯಾಂಕಿನಲ್ಲೂ ದೂರನ್ನು ಅದೇ ಬಗೆಯಲ್ಲಿ, ಯುಟಿಆರ್ ಸಹಿತ ಕೊಡಬೇಕು. ನಿಮ್ಮ ಬ್ಯಾಂಕು ಆ ಇನ್ನೊಂದು ಬ್ಯಾಂಕನ್ನು ಕೇಳುತ್ತದೆ, ಅದು ತನ್ನ ಗ್ರಾಹಕನನ್ನು ಕೇಳುತ್ತದೆ. ಅವನು ಒಪ್ಪಿದರೆ ಹಣ ಬರುತ್ತದೆ. ಒಪ್ಪದಿದ್ದರೆ, ಅಥವಾ ಫೋನೇ ಎತ್ತದಿದ್ದರೆ, ಬ್ಯಾಂಕು ತಾನಾಗಿ ಅವನ ಖಾತೆಯಿಂದ ತೆಗೆದುಕೊಡುವುದಿಲ್ಲ.

ಈ ಒಪ್ಪಿಗೆಯ ಮೇಲೆಯೇ ಎಲ್ಲ ನಿಂತಿದೆ. ಹಣ ಹೋದದ್ದು ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯ ಕೋಡಿಗೋ, ಹಳೆಯ ಪಾಲುದಾರನಿಗೋ ಆಗಿದ್ದರೆ ಹೋಗಿ ಮಾತಾಡಿದರೆ ಮುಗಿಯುತ್ತದೆ. ಅವರು ವ್ಯಾಪಾರಿ ಆ್ಯಪ್‌ನಲ್ಲಿ ಅದೇ ವಹಿವಾಟನ್ನು ತೆರೆದು ರೀಫಂಡ್ ಕೊಟ್ಟರೆ ಹಣ ಬಂದ ಖಾತೆಗೇ ಮರಳುತ್ತದೆ, ಇಬ್ಬರಿಗೂ ದಾಖಲೆ ಉಳಿಯುತ್ತದೆ. ವಾಪಸ್ ಪಡೆಯಲು ಇನ್ನೊಂದು ಕೋಡ್ ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ; ಹಣ ಪಡೆಯುವವನು ಎಂದೂ ಪಿನ್ ಒತ್ತಬೇಕಿಲ್ಲ. ಹಾಗೆಯೇ ಬ್ಯಾಂಕಿನ ಸಹಾಯವಾಣಿಯನ್ನು ಅಂತರ್ಜಾಲದಲ್ಲಿ ಹುಡುಕುವ ಬದಲು ಆ್ಯಪ್‌ನೊಳಗೋ ಕಾರ್ಡಿನ ಹಿಂಬದಿಯಲ್ಲೋ ನೋಡಿಕೊಳ್ಳಿ. ಹಣ ಕಳೆದುಕೊಂಡವರಿಗಾಗಿಯೇ ನಕಲಿ ಸಂಖ್ಯೆಗಳು ಕಾದಿರುತ್ತವೆ.

ಸ್ಟಿಕ್ಕರ್ ಕೆಳಗೆ ಸ್ಟಿಕ್ಕರ್ ಸಿಕ್ಕಿದರೆ ಮಾತೇ ಬೇರೆ. ಅದು ತಪ್ಪಲ್ಲ, ವಂಚನೆ. ಆಗ ಬ್ಯಾಂಕಿನ ಉತ್ತರಕ್ಕೆ ಕಾಯದೆ ಅಂಗಡಿಯಲ್ಲಿ ನಿಂತಲ್ಲಿಂದಲೇ 1930ಕ್ಕೆ ಕರೆ ಮಾಡಬೇಕು, ಅಥವಾ `cybercrime.gov.in`ನಲ್ಲಿ ದೂರು ದಾಖಲಿಸಬೇಕು. ಈ ದಾರಿಗೆ ಬ್ಯಾಂಕಿನ ದಾರಿಗಿಲ್ಲದ ಬಲವಿದೆ: ಹಣ ಇನ್ನೂ ಆ ಖಾತೆಯಲ್ಲಿದ್ದರೆ ಖಾತೆದಾರನನ್ನು ಕೇಳದೆಯೇ ಅದನ್ನು ತಡೆಹಿಡಿಯಬಹುದು. ಇಂಥ ಖಾತೆಗಳಿಂದ ಹಣ ಬೇಗ ಬೇರೆಡೆಗೆ ಹೋಗುತ್ತದೆ, ಆದ್ದರಿಂದ ಮೊದಲ ಗಂಟೆ ಮುಖ್ಯ. ತಡೆಹಿಡಿದ ಮಾತ್ರಕ್ಕೆ ಕೈಗೆ ಬಂತೆಂದಲ್ಲ, ಬಿಡುಗಡೆಗೆ ಮತ್ತಷ್ಟು ಓಡಾಟ ಬೇಕಾಗಬಹುದು. 2,340 ರೂಪಾಯಿಗಾಗಿ ಅಷ್ಟು ದೂರ ಹೋಗುವವರು ಕಡಿಮೆ. ಕಳ್ಳನ ಲೆಕ್ಕವೂ ಅದೇ: ಒಬ್ಬೊಬ್ಬರಿಂದ ಚಿಲ್ಲರೆ ಮೊತ್ತ, ದೂರು ಕೊಡಲು ಬೇಸರವಾಗುವಷ್ಟು. ಆದ್ದರಿಂದ ಇಂಥ ಕಡೆ ಅಂಗಡಿಯವರೇ ಮುಂದೆ ನಿಂತು, ಆ ದಿನ ಸ್ಕ್ಯಾನ್ ಮಾಡಿದ ಗಿರಾಕಿಗಳ ಯುಟಿಆರ್‌ಗಳನ್ನು ಒಟ್ಟುಗೂಡಿಸಿ ದೂರು ಕೊಡುವುದು ವಾಸಿ.

ಇಷ್ಟರಲ್ಲಿ ಗಲ್ಲಾದ ಮುಂದೆ ಇನ್ನೊಂದು ಜಗಳ ನಡೆದಿರುತ್ತದೆ. ಪೈಪು ಯಾರದ್ದು? ಅಂಗಡಿಯವರು ಮತ್ತೊಮ್ಮೆ ಹಣ ಕೇಳುತ್ತಾರೆ, ನೀವು ಕೊಟ್ಟಾಗಿದೆ ಎನ್ನುತ್ತೀರಿ. 1872ರ ಭಾರತೀಯ ಕರಾರು ಕಾಯ್ದೆಯ 50ನೇ ಕಲಮು ಹೇಳುವುದು, ಹಣ ಪಡೆಯಬೇಕಾದವನು ಸೂಚಿಸಿದ ಅಥವಾ ಒಪ್ಪಿದ ರೀತಿಯಲ್ಲಿ ಕೊಟ್ಟರೆ ಕೊಟ್ಟಂತೆ. ಅಂಚೆಯಲ್ಲಿ ಕಳಿಸು ಎಂದವನಿಗೆ ಸರಿಯಾದ ವಿಳಾಸ ಬರೆದು ನೋಟನ್ನು ಅಂಚೆಗೆ ಹಾಕಿದ ಕ್ಷಣವೇ ಸಾಲ ತೀರಿತು ಎಂಬ ಉದಾಹರಣೆಯೂ ಅಲ್ಲೇ ಇದೆ. ‘ಅಲ್ಲಿ ಸ್ಕ್ಯಾನ್ ಮಾಡಿ’ ಎಂದು ತಮ್ಮ ಗಲ್ಲಾದ ಮೇಲಿನ ಕೋಡ್ ತೋರಿಸಿದ ಅಂಗಡಿಗೆ ಇದು ಅನ್ವಯಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಳ್ಳನ ಕೋಡನ್ನು ನಾವು ಸೂಚಿಸಿಲ್ಲ ಎಂದು ಅಂಗಡಿಯವರು ವಾದಿಸಬಹುದು. ಆದರೆ ತನ್ನ ಗೋಡೆಯ ಮೇಲೆ ಏನು ಅಂಟಿದೆ ಎಂದು ನೋಡಿಕೊಳ್ಳುವುದು ಅಂಗಡಿಗೆ ಸುಲಭ, ಒಳಗೆ ಬಂದು ಹೋಗುವವನಿಗೆ ಕಷ್ಟ. ಬದಲಿಗೆ ನೀವು ಪಕ್ಕದಂಗಡಿಯ ಕೋಡ್ ಸ್ಕ್ಯಾನ್ ಮಾಡಿದ್ದರೆ ನಷ್ಟ ನಿಮ್ಮದೇ, ಅದರಲ್ಲಿ ವಾದಕ್ಕೆಡೆಯಿಲ್ಲ.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ಉಚಿತವಾಗಿ ದೂರಬಹುದು. ಅವರು ನೋಡುವುದು ಬ್ಯಾಂಕಿನ ಸೇವೆಯಲ್ಲಿ ಕೊರತೆಯಿತ್ತೇ ಎಂದು. ನಿಮ್ಮ ದೂರನ್ನು ಬ್ಯಾಂಕು ಹದಿನೈದು ದಿನ ಕಡತದಲ್ಲೇ ಇಟ್ಟಿತ್ತು ಎಂದು ತೋರಿಸಿದರೆ ಪ್ರಯೋಜನವಾದೀತು. ಹಣ ಪಡೆದವನು ಒಪ್ಪಲಿಲ್ಲ ಎಂಬುದಷ್ಟೇ ದೂರಾದರೆ ಹೆಚ್ಚು ನಿರೀಕ್ಷೆ ಬೇಡ. ಬೇರೆಯವರ ಹಣವೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧವಾಗಬಲ್ಲದು. ಅದಕ್ಕೆ ಹೋಗಬೇಕಾದ ಬಾಗಿಲು ಪೊಲೀಸ್ ಠಾಣೆಯದು.

ಒಟ್ಟಿನಲ್ಲಿ ಕೆಟ್ಟುಹೋದ ಪಾವತಿಗೆ ಗಡುವಿದೆ, ಪರಿಹಾರವಿದೆ. ವಂಚನೆಗೆ ಸಹಾಯವಾಣಿ ಇದೆ. ನಡುವಿನ ಸಾದಾ ತಪ್ಪಿಗೆ ಎದುರಿನವನ ಒಳ್ಳೆಯತನವೇ ಗತಿ. ಹಣ ಪಡೆದ ಬ್ಯಾಂಕು ದೂರು ಬಂದ ದಿನವೇ ಆ ಮೊತ್ತವನ್ನು ಕೆಲವು ದಿನ ತಡೆದಿಟ್ಟು ತನ್ನ ಗ್ರಾಹಕನಿಂದ ಲಿಖಿತ ಉತ್ತರ ಕೇಳುವಂತಾದರೆ ಈ ಬಿರುಕು ಬಹುಪಾಲು ಮುಚ್ಚೀತು. ಅಲ್ಲಿಯವರೆಗೆ ಅಂಗಡಿಯವರಿಗೆ ನನ್ನದೊಂದು ಕೋರಿಕೆ: ಬ್ಯಾಂಕಿನಲ್ಲಿ ನಿಮ್ಮ ಖಾತೆ ಯಾವ ಹೆಸರಿನಲ್ಲಿದೆಯೋ ಆ ಹೆಸರನ್ನು ಕೋಡಿನ ಮೇಲ್ಗಡೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ, ಕೋಡನ್ನು ಗಾಜಿನ ಒಳಬದಿಗೆ ಅಂಟಿಸಿ, ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ರೂಪಾಯಿ ಹಾಕಿ ನೋಡಿ. ಗಿರಾಕಿ ಹೆಸರು ಕೇಳಿದರೆ ಸಿಡುಕಬೇಡಿ.